ಉತ್ತರದ ಅಕ್ಷರಕ್ಕೆ ಒಂದೇ ಅಳತೆ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಮೇಲ್‌ಗೆ ಉತ್ತರ ಬರೆಯುವಾಗ ಬರುವ ಅಕ್ಷರದ ಬಗ್ಗೆ. ಅದು ಯಾವ ಫಾಂಟ್, ಎಷ್ಟು ಸೈಜ್ ಅನ್ನುವುದರ ಬಗ್ಗೆ. ಐದಾರು ಜನರ ಸಣ್ಣ ಕಚೇರಿಯಲ್ಲಿ ಎಲ್ಲರ ಉತ್ತರವೂ ಒಂದೇ ರೀತಿ ಕಾಣಬೇಕಾದರೆ ಏನು ಮಾಡಬೇಕು ಎಂದು ಹೇಳುತ್ತೇನೆ.

ಒಂದು ಮೇಲ್ ತೆಗೆದುಕೊಳ್ಳೋಣ. ಗ್ರಾಹಕರೊಬ್ಬರು ಬಿಲ್‌ನಲ್ಲಿ ಒಂದೇ ಮೊತ್ತ ಎರಡು ಸಲ ಸೇರಿದೆ ಎಂದು ಬರೆದಿದ್ದಾರೆ. ಲೆಕ್ಕ ನೋಡುವವರು ಉತ್ತರ ಬರೆದರು, ಕ್ಯಾಲಿಬ್ರಿ 11ರಲ್ಲಿ. ಅದರ ಮೇಲೆ ಮ್ಯಾನೇಜರ್ ಬರೆದರು, ಏರಿಯಲ್ 14ರಲ್ಲಿ, ಕಡುನೀಲಿ ಬಣ್ಣದಲ್ಲಿ. ಕೊನೆಗೆ ಹೊಸದಾಗಿ ಸೇರಿದವರು ಆಪ್ಟೋಸ್‌ನಲ್ಲಿ ಎರಡು ಸಾಲು ಸೇರಿಸಿದರು. ಗ್ರಾಹಕರಿಗೆ ಬೇಕಾಗಿದ್ದು ಒಂದೇ ಸಾಲು, "ಈ ಮೊತ್ತವನ್ನು ಮುಂದಿನ ಬಿಲ್‌ನಲ್ಲಿ ಕಳೆಯುತ್ತೇವೆ" ಅನ್ನುವುದು. ಅದು ಲೆಕ್ಕದವರ ಸಣ್ಣ ಅಕ್ಷರದಲ್ಲಿದೆ. ಕಣ್ಣಿಗೆ ಮೊದಲು ಬೀಳುವುದು ಮ್ಯಾನೇಜರ್ ಬರೆದ "ದಯವಿಟ್ಟು ಕೆಳಗೆ ನೋಡಿ" ಅನ್ನುವ ದೊಡ್ಡ ನೀಲಿ ಸಾಲು! ಯಾರೂ ಬೇಕೆಂದು ಮಾಡಿದ್ದಲ್ಲ. ಪ್ರತಿಯೊಬ್ಬರ ಕಂಪ್ಯೂಟರ್ ತನಗೆ ಗೊತ್ತಿದ್ದ ಅಕ್ಷರ ಹಾಕಿತು, ಅಷ್ಟೆ.

ಇವರನ್ನು ಕೇಳಿದರೆ ಒಬ್ಬಿಬ್ಬರು "ನಾನು ಫಾಂಟ್ ಸೆಟ್ ಮಾಡಿದ್ದೇನಲ್ಲ" ಅನ್ನುತ್ತಾರೆ. ಅದು ನಿಜವೇ. ಆದರೆ ಅವರು ಸೆಟ್ ಮಾಡಿದ್ದು ಹೊಸ ಮೇಲ್‌ಗೆ. ಹಳೆಯ ಮಾದರಿಯ ಔಟ್‌ಲುಕ್, ಅಂದರೆ ಈಗ ಕ್ಲಾಸಿಕ್ ಔಟ್‌ಲುಕ್ ಅನ್ನುವುದು, ಹೊಸ ಮೇಲ್‌ಗೆ ಒಂದು ಫಾಂಟ್, ಉತ್ತರಕ್ಕೆ ಮತ್ತೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಕಚೇರಿಯ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಉತ್ತರಗಳೇ ಅಲ್ವಾ? ಹಾಗಾಗಿ ಸರಿ ಮಾಡಿದ್ದು ಕಡಿಮೆ ಬಳಸುವ ಕಡೆ, ಬಿಟ್ಟದ್ದು ಜಾಸ್ತಿ ಬಳಸುವ ಕಡೆ.

ಈಗ ದಾರಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ File ಒತ್ತಿ, ಅಲ್ಲಿಂದ Options, ಅದರೊಳಗೆ Mail. ಅಲ್ಲಿ Stationery and Fonts ಅನ್ನುವ ಬಟನ್ ಇದೆ. ಅದನ್ನು ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಅದರಲ್ಲಿ ಮೂರು ಕಡೆ Font ಅನ್ನುವ ಬಟನ್ ಕಾಣುತ್ತದೆ. ಮೊದಲನೆಯದು ಹೊಸ ಮೇಲ್‌ಗೆ. ನಮಗೆ ಬೇಕಾದದ್ದು ಎರಡನೆಯದು, Replying or forwarding messages ಅನ್ನುವುದರ ಕೆಳಗಿನದು. ಮೂರನೆಯದು ಸಾದಾ ಪಠ್ಯದ ಮೇಲ್‌ಗೆ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲಿನ ಎರಡಕ್ಕೂ ಒಂದೇ ಫಾಂಟ್, ಒಂದೇ ಸೈಜ್ ಕೊಡಿ.

ಅಲ್ಲೇ ಎರಡನೇ ಬಟನ್ ಕೆಳಗೆ Pick a new color when replying or forwarding ಅನ್ನುವ ಒಂದು ಚೌಕ ಇದೆ. ಅದರಲ್ಲಿ ಟಿಕ್ ಇದ್ದರೆ ತೆಗೆಯಿರಿ. ಮ್ಯಾನೇಜರ್ ಅವರ ನೀಲಿ ಬಣ್ಣ ಇಲ್ಲಿಂದ ಬಂದಿರಬಹುದು, ಇಲ್ಲವೇ ಫಾಂಟ್‌ನ ಬಣ್ಣದಿಂದಲೇ ಬಂದಿರಬಹುದು. 2007, 2010ರ ಔಟ್‌ಲುಕ್‌ಗಳಲ್ಲಿ ಉತ್ತರದ ಅಕ್ಷರ ತಾನಾಗಿಯೇ ಕಡುನೀಲಿ ಬರುತ್ತಿತ್ತು. ಫಾಂಟ್ ಕಿಟಕಿಯಲ್ಲಿ ಬಣ್ಣವನ್ನು Automatic ಎಂದು ಇಟ್ಟರೆ ಸಾಕು.

ಹೊಸ ಔಟ್‌ಲುಕ್ ಬಳಸುವವರಿಗೆ ಇಷ್ಟು ಕೆಲಸ ಇಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ Mail ಒಳಗೆ Compose and reply ಅನ್ನುವಲ್ಲಿ ಒಂದೇ ಫಾಂಟ್ ಇರುತ್ತದೆ, ಹೊಸ ಮೇಲ್‌ಗೂ ಉತ್ತರಕ್ಕೂ ಅದೇ. ಜಿಮೇಲ್‌ನಲ್ಲಿಯೂ ಹಾಗೆಯೇ. ಅಲ್ಲಿ See all settings ಒಳಗಿನ General ಪುಟದಲ್ಲಿ Default text style ಇದೆ. ಆದರೆ ಆ ಪುಟದ ತಳಕ್ಕೆ ಹೋಗಿ Save Changes ಒತ್ತದಿದ್ದರೆ ಮಾಡಿದ್ದೆಲ್ಲ ಹೋಯಿತು. ತುಂಬ ಜನ ಅಲ್ಲೇ ಎಡವುತ್ತಾರೆ.

ಸರಿ, ಯಾವ ಫಾಂಟ್ ಇಡಬೇಕು? ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮೇಲ್ ಜೊತೆ ಫಾಂಟ್ ಹೋಗುವುದಿಲ್ಲ, ಫಾಂಟ್‌ನ ಹೆಸರು ಮಾತ್ರ ಹೋಗುತ್ತದೆ. ಆ ಹೆಸರಿನ ಫಾಂಟ್ ಓದುವವರ ಕಂಪ್ಯೂಟರ್‌ನಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಆ ಕಂಪ್ಯೂಟರ್ ತನ್ನಲ್ಲಿರುವ ಬೇರೊಂದನ್ನು ಹಾಕುತ್ತದೆ. 2023ರಿಂದ ಮೈಕ್ರೋಸಾಫ್ಟ್ ಕ್ಯಾಲಿಬ್ರಿಯ ಜಾಗಕ್ಕೆ ಆಪ್ಟೋಸ್ ತಂದಿದೆ. ಹೊಸದಾಗಿ ಸೇರಿದವರ ಕಂಪ್ಯೂಟರ್‌ಗೆ ಆಪ್ಟೋಸ್ ಬಂದದ್ದು ಹೀಗೆ. ನೋಡಲು ಚೆನ್ನಾಗಿದೆ, ಆದರೆ ಮೇಲ್ ಪಡೆಯುವವರ ಹತ್ತಿರ ಅದು ಇಲ್ಲದಿರುವ ಸಾಧ್ಯತೆ ಹೆಚ್ಚು. ಏರಿಯಲ್ ಆದರೆ ವಿಂಡೋಸ್‌ನಲ್ಲಿ ಇದೆ, ಮ್ಯಾಕ್‌ನಲ್ಲಿ ಇದೆ, ಐಫೋನ್‌ನಲ್ಲೂ ಇದೆ. ಆಂಡ್ರಾಯ್ಡ್ ಫೋನ್ ಅದರ ಬದಲಿಗೆ ಹಾಕುವ ಅಕ್ಷರವೂ ಕಣ್ಣಿಗೆ ತೀರಾ ಬೇರೆ ಅನ್ನಿಸುವುದಿಲ್ಲ. ಅದಕ್ಕೇ ನನ್ನ ಓಟು ಏರಿಯಲ್‌ಗೆ. ಅಂದಚೆಂದಕ್ಕಲ್ಲ, ಎಲ್ಲ ಕಡೆ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಸೈಜ್ ಒಂದನ್ನೇ ಹೇಳಿದರೂ ಸಾಲದು. "ಎಲ್ಲರೂ 11 ಇಟ್ಟುಕೊಳ್ಳಿ" ಅಂದರೆ ಕೆಲಸ ಅರ್ಧ ಆದ ಹಾಗೆ. ಕ್ಯಾಲಿಬ್ರಿಯ 11 ನೋಡಲು ಏರಿಯಲ್‌ನ 11ಕ್ಕಿಂತ ಚಿಕ್ಕದು, ಅಕ್ಷರಗಳೂ ಕಿರಿದು. ಫಾಂಟ್‌ನ ಹೆಸರು, ಅಂಕಿ ಎರಡನ್ನೂ ಒಟ್ಟಿಗೆ ಹೇಳಬೇಕು. ಏರಿಯಲ್ 11 ಇಟ್ಟರೆ ಕಂಪ್ಯೂಟರ್‌ನಲ್ಲೂ ಫೋನ್‌ನಲ್ಲೂ ಓದಲು ಕಷ್ಟವಿಲ್ಲ.

"ನನಗೆ 11 ಕಾಣುವುದಿಲ್ಲ, ಅದಕ್ಕೇ 14 ಇಟ್ಟೆ" ಅನ್ನುವವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಅವರ ತೊಂದರೆ ನಿಜ, ಔಷಧಿ ಬೇರೆ. ಅವರಿಗೆ ಬೇಕಾದದ್ದು ಝೂಮ್. ಬರೆಯುವ ಕಿಟಕಿಯಲ್ಲಿ ಕಂಟ್ರೋಲ್ ಕೀ ಒತ್ತಿಹಿಡಿದು ಮೌಸ್ ಚಕ್ರ ತಿರುಗಿಸಿದರೆ ಅಕ್ಷರ ಅವರ ಪರದೆಯಲ್ಲಿ ಮಾತ್ರ ದೊಡ್ಡದಾಗುತ್ತದೆ, ಕಳಿಸಿದ ಮೇಲ್ 11ರಲ್ಲೇ ಹೋಗುತ್ತದೆ.

ಕನ್ನಡದಲ್ಲೂ ಉತ್ತರ ಬರೆಯುವ ಕಚೇರಿಗಳಿಗೆ ಇನ್ನೊಂದು ಮಾತಿದೆ. ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನೀವು ಏರಿಯಲ್ ಎಂದು ಇಟ್ಟು ಕನ್ನಡ ಟೈಪ್ ಮಾಡಿದರೆ ವಿಂಡೋಸ್ ಸದ್ದಿಲ್ಲದೆ ಬೇರೆ ಫಾಂಟ್ ಎಳೆದುಕೊಂಡು ಬರುತ್ತದೆ. ಈಚಿನ ವಿಂಡೋಸ್‌ಗಳಲ್ಲಿ ಅದು ನಿರ್ಮಲಾ ಯುಐ, ಹಳೆಯವುಗಳಲ್ಲಿ ತುಂಗಾ. ಕ್ಲಾಸಿಕ್ ಔಟ್‌ಲುಕ್‌ನ ಫಾಂಟ್ ಕಿಟಕಿಯಲ್ಲಿ, ಭಾರತೀಯ ಭಾಷೆ ಸೇರಿಸಿದ ಕಂಪ್ಯೂಟರ್ ಆಗಿದ್ದರೆ, ಕೆಳಗೆ Complex scripts ಅನ್ನುವ ಇನ್ನೊಂದು ಭಾಗ ಕಾಣುತ್ತದೆ. ಕನ್ನಡದ ಫಾಂಟೂ ಸೈಜೂ ಅಲ್ಲಿರುವುದು. ಮೇಲಿನ ಭಾಗದಲ್ಲಿ 11 ಮಾಡಿ ಇದನ್ನು ಮುಟ್ಟದೆ ಬಿಟ್ಟರೆ ಒಂದೇ ಸಾಲಿನಲ್ಲಿ ಇಂಗ್ಲಿಷ್ ಒಂದು ಅಳತೆ, ಕನ್ನಡ ಇನ್ನೊಂದು ಅಳತೆ ಆಗಬಹುದು. ಅಲ್ಲಿ Nirmala UI ಆರಿಸಿ, 11 ಕೊಡಿ. ಒತ್ತಕ್ಷರ ಇಕ್ಕಟ್ಟಾಗಿ ಕಂಡರೆ 12 ಮಾಡಿ, ಆದರೆ ಎಲ್ಲರೂ 12 ಮಾಡಿ.

ಇದರ ಜೊತೆಗೆ, ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡುವ ಅಭ್ಯಾಸ ಇನ್ನೂ ಕೆಲವರಿಗಿದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಇಟ್ಟುಕೊಂಡಿರುತ್ತವೆ. ಆ ಬರಹಕ್ಕೆ ಏರಿಯಲ್ ಹಾಕಿದ ತಕ್ಷಣ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಫಾಂಟ್ ಇಲ್ಲದ ಗ್ರಾಹಕರಿಗೆ ಅದು ಮೊದಲಿನಿಂದಲೂ ಹಾಗೆಯೇ ಕಾಣುತ್ತಿತ್ತು ಅನ್ನಿ! ಮೇಲ್‌ನಲ್ಲಿ ಯುನಿಕೋಡ್ ಕನ್ನಡ ಬಿಟ್ಟು ಬೇರೆ ಮಾತೇ ಬೇಡ.

ಸೆಟ್ ಮಾಡಿದ ಮೇಲೂ ಉತ್ತರ ಬೇರೆ ಅಕ್ಷರದಲ್ಲಿ ಬರುತ್ತಿದೆ ಅನ್ನುವವರು ಇದ್ದೇ ಇರುತ್ತಾರೆ. ಮೊದಲು ಉತ್ತರವನ್ನು ಬೇರೆ ಕಿಟಕಿಯಲ್ಲಿ ತೆರೆದು ಮೇಲಿನ ಪಟ್ಟಿ ನೋಡಿ. Plain Text ಎಂದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ನಿಮಗೆ ಬಂದ ಮೇಲ್ ಸಾದಾ ಪಠ್ಯದ್ದು, ಉತ್ತರವೂ ಅದೇ ರೂಪದಲ್ಲಿ ಹೊರಟಿದೆ. ಅದರಲ್ಲಿ ಫಾಂಟ್‌ನ ಹೆಸರೇ ಹೋಗುವುದಿಲ್ಲ. ಮೂರನೇ ಬಟನ್ ಇದಕ್ಕೇ ಇರುವುದು, ಅದು ನಿಮ್ಮ ಪರದೆಗೆ ಮಾತ್ರ. ಅಂಥ ಮೇಲ್‌ಗಳನ್ನು ಹಾಗೇ ಬಿಟ್ಟುಬಿಡಿ, ಸುಮ್ನೆ ಒದ್ದಾಡಬೇಡಿ.

ಪಟ್ಟಿಯಲ್ಲಿ HTML, ಅಂದರೆ ಫಾಂಟ್‌ನ ಹೆಸರು, ಬಣ್ಣ ಹೊತ್ತೊಯ್ಯುವ ರೂಪ, ಎಂದಿದ್ದೂ ಅಕ್ಷರ ಬೇರೆ ಬಂದರೆ ಅನುಮಾನ ಸಿಗ್ನೇಚರ್ ಮೇಲೆ. ಸಿಗ್ನೇಚರ್ ತನ್ನ ಫಾಂಟ್ ತಾನೇ ಹೊತ್ತು ತರುತ್ತದೆ. ಎಷ್ಟೋ ಜನ ಹೆಸರಿನ ಮೇಲೆ ಎರಡು ಖಾಲಿ ಸಾಲು ಸೇರಿಸಿ ಸಿಗ್ನೇಚರ್ ಮಾಡಿರುತ್ತಾರೆ. ಉತ್ತರ ಬರೆಯಲು ಆ ಖಾಲಿ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಬರುವುದು ಸಿಗ್ನೇಚರ್‌ನ ಅಕ್ಷರ, ನೀವು ಇಟ್ಟದ್ದಲ್ಲ. ಪರೀಕ್ಷೆ ಸುಲಭ. ಉತ್ತರಗಳಿಗೆ ಸಿಗ್ನೇಚರ್ ಬೇಡ ಎಂದು ಇಟ್ಟು ಒಂದು ಉತ್ತರ ಬರೆದು ನೋಡಿ. ಅಕ್ಷರ ಸರಿಯಾಯಿತು ಅಂದರೆ ಸಿಗ್ನೇಚರ್ ತೆರೆದು ಆ ಖಾಲಿ ಸಾಲು ಅಳಿಸಿ, ಉಳಿದದ್ದಕ್ಕೂ ಏರಿಯಲ್ 11 ಕೊಡಿ.

ಮೂರನೆಯ ಕಾರಣ ಪೇಸ್ಟ್. ಎಕ್ಸೆಲ್‌ನಿಂದಲೋ ವೆಬ್ ಪುಟದಿಂದಲೋ ತಂದು ಅಂಟಿಸಿದ ಸಾಲು ಅಲ್ಲಿಯ ಅಕ್ಷರವನ್ನೇ ತರುತ್ತದೆ. ಅಂಟಿಸುವಾಗ Keep Text Only ಆರಿಸಿದರೆ ತಂದ ಸಾಲೂ ನಿಮ್ಮ ಅಕ್ಷರಕ್ಕೆ ಬರುತ್ತದೆ.

ಇಷ್ಟನ್ನೂ ಸಹೋದ್ಯೋಗಿಗಳ ಮುಂದೆ ಇಟ್ಟರೆ ಯಾರೂ ಓದುವುದಿಲ್ಲ. ಅವರಿಗೆ ಕಳಿಸುವ ಟಿಪ್ಪಣಿ ಹೀಗಿದ್ದರೆ ಸಾಕು:

"ಎಲ್ಲರಿಗೂ ನಮಸ್ಕಾರ. ಇನ್ನು ಮುಂದೆ ನಮ್ಮ ಉತ್ತರಗಳು ಏರಿಯಲ್ 11ರಲ್ಲಿ, ಬಣ್ಣ Automatic. ಕನ್ನಡಕ್ಕೆ ನಿರ್ಮಲಾ ಯುಐ 11. ಕ್ಲಾಸಿಕ್ ಔಟ್‌ಲುಕ್ ಇರುವವರು File, Options, Mail, Stationery and Fonts ತೆರೆದು ಮೊದಲ ಎರಡೂ ಬಟನ್‌ಗಳಲ್ಲಿ ಇದನ್ನೇ ಇಡಿ. ಸಿಗ್ನೇಚರ್‌ಗೂ ಇದೇ ಅಕ್ಷರ ಕೊಡಿ, ಅದರ ಮೇಲಿನ ಖಾಲಿ ಸಾಲು ತೆಗೆಯಿರಿ. ಮುಗಿದ ಮೇಲೆ ಈ ಮೇಲ್‌ಗೆ 'ಆಯಿತು' ಎಂದು ಉತ್ತರಿಸಿ."

ಆ ಕೊನೆಯ ಸಾಲು ಸುಮ್ಮನೆ ಹಾಕಿದ್ದಲ್ಲ. ಬಂದ ಪ್ರತಿ "ಆಯಿತು" ಒಂದು ಉತ್ತರವೇ ಅಲ್ವಾ, ಯಾರದು ಸರಿಯಾಗಿದೆ, ಯಾರದು ಇನ್ನೂ ನೀಲಿಯಲ್ಲಿದೆ ಎಂದು ಅಲ್ಲೇ ಕಾಣುತ್ತದೆ. ಆದರೆ ಟಿಪ್ಪಣಿಯನ್ನು HTML ರೂಪದಲ್ಲೇ ಕಳಿಸಿ, ಸಾದಾ ಪಠ್ಯದಲ್ಲಿ ಕಳಿಸಿದರೆ ಬರುವ ಉತ್ತರಗಳಿಂದ ಏನೂ ಗೊತ್ತಾಗುವುದಿಲ್ಲ. ಮತ್ತೆ, "ಆಯಿತು" ಎಂದು ಫೋನ್‌ನಿಂದ ಬರೆದರೆ ಲೆಕ್ಕಕ್ಕಿಲ್ಲ. ಕಂಪ್ಯೂಟರ್‌ನ ಸೆಟ್ಟಿಂಗ್ ಫೋನ್‌ನ ಆ್ಯಪ್‌ಗೆ ಹೋಗುವುದಿಲ್ಲ. ಕ್ಲಾಸಿಕ್ ಔಟ್‌ಲುಕ್‌ನಲ್ಲಂತೂ ಅದು ಆಯಾ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ಕಚೇರಿಯಲ್ಲಿ ಒಂದು, ಮನೆಯಲ್ಲಿ ಒಂದು ಕಂಪ್ಯೂಟರ್ ಬಳಸುವವರು ಎರಡರಲ್ಲೂ ಮಾಡಬೇಕು. ಹೊಸ ಕಂಪ್ಯೂಟರ್ ಕೊಟ್ಟ ದಿನ ಅದೇ ಟಿಪ್ಪಣಿಯನ್ನು ಅವರಿಗೆ ಇನ್ನೊಮ್ಮೆ ಕಳಿಸಿ.

ನಮಸ್ಕಾರ.