23ನೇ ಪ್ರಶ್ನೆ ಕೈಕೊಟ್ಟರೆ 14ನೆಯದರ ಮೇಲೇಕೆ ಸಿಟ್ಟು?

ನನ್ನ ಅಕ್ಕನ ಮಗಳು ಸಿಇಟಿ ಭೌತಶಾಸ್ತ್ರ ಬರೆದು ಬಂದ ಸಂಜೆ ಪ್ರಶ್ನೆಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಳು. ಯಾರೂ ಮಾತನಾಡಿಸುವ ಹಾಗಿರಲಿಲ್ಲ. 23ನೇ ಪ್ರಶ್ನೆಗೆ ಬಂದಾಗ ತಲೆ ಖಾಲಿಯಾಯಿತಂತೆ. ಸರಳ ಲೋಲಕದ ಆಂದೋಲನದ ಅವಧಿ, ಪ್ರೌಢಶಾಲೆಯಿಂದ ಬಾಯಿಪಾಠವಾಗಿದ್ದ ಸೂತ್ರ. l ಮೇಲೆ ಬರುತ್ತದೋ g ಮೇಲೆ ಬರುತ್ತದೋ ಎಂಬುದೇ ಹೊಳೆಯಲಿಲ್ಲ. ಪರೀಕ್ಷೆ ಮುಗಿದು, ಹೊರಗೆ ಗೇಟಿನ ಬಳಿ ನೀರು ಕುಡಿಯುವಾಗ ಥಟ್ಟನೆ ನೆನಪಾಯಿತು.

ಸರಿ, ಹೋದದ್ದು ಒಂದು ಅಂಕ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಅದರ ಹಿಂದಿನ ಪುಟಗಳು. 14, 17, 19. ಈ ಮೂರರಲ್ಲೂ ಮೊದಲು ಸರಿಯಾದ ಉತ್ತರಕ್ಕೇ ಗುರುತು ಹಾಕಿ, ಆಮೇಲೆ ಅದನ್ನು ಹೊಡೆದು ಬೇರೊಂದನ್ನು ಆರಿಸಿದ್ದಳು. 23ರಲ್ಲಿ ಎಡವಿದ ಗಾಬರಿಯಲ್ಲಿ ಹಿಂದಕ್ಕೆ ಹೋಗಿ ಮಾಡಿದ ತಿದ್ದುಪಡಿ. ಮರೆವು ಕಸಿದದ್ದು ಒಂದು, ಅನುಮಾನ ಕಸಿದದ್ದು ಮೂರು.

ತಲೆ ಖಾಲಿಯಾಗುವುದು ಒಂದು ಸಮಸ್ಯೆ, ಉತ್ತರ ಬದಲಿಸುವುದು ಇನ್ನೊಂದು ಸಮಸ್ಯೆ ಎಂದು ಎಲ್ಲರೂ ಬೇರೆ ಬೇರೆಯಾಗಿ ಬುದ್ಧಿ ಹೇಳುತ್ತಾರೆ. ನನಗೆ ಕಾಣುವುದು ಹಾಗಲ್ಲ. ಮೊದಲನೆಯದು ಬಾಗಿಲು ತೆರೆದಿಟ್ಟು ಹೋಗುತ್ತದೆ, ಎರಡನೆಯದು ಅದೇ ಬಾಗಿಲಿನಿಂದ ಒಳಗೆ ಬರುತ್ತದೆ.

ಮೊದಲು ಖಾಲಿಯಾಗುವ ಮಾತು. ಓದಿದ್ದು ಅಳಿಸಿಹೋಗಿರುವುದಿಲ್ಲ. ಗೇಟಿನ ಬಳಿ ನೆನಪಾಯಿತಲ್ಲ, ಅದೇ ಸಾಕ್ಷಿ. ಒತ್ತಡದಲ್ಲಿ ದೇಹ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಒಳಗಿರುವ ನೆನಪನ್ನು ಹೊರತೆಗೆಯುವ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ಜೊತೆಗೆ ಲೆಕ್ಕ ಮಾಡಲು ಮನಸ್ಸಿನಲ್ಲಿ ಇರುವ ಸಣ್ಣ ಜಗಲಿಯ ಮೇಲೆ "ಅಯ್ಯೋ, ಇದೂ ಬರುತ್ತಿಲ್ಲವಲ್ಲ" ಎಂಬ ಚಿಂತೆ ಕಾಲು ಚಾಚಿ ಕುಳಿತುಬಿಡುತ್ತದೆ. ಆಗ ಸೂತ್ರವನ್ನು ಬಲವಂತವಾಗಿ ಎಳೆದಷ್ಟೂ ತಪ್ಪು ಸೂತ್ರವೇ ಮತ್ತೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಏನು ಮಾಡಬೇಕು? ಪೆನ್ನು ಕೆಳಗಿಡಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಅರ್ಧ ನಿಮಿಷ ಸಾಕು. "ಸಮಯ ಹೋಗುವುದಿಲ್ಲವೇ" ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ನೀವು ಖರ್ಚು ಮಾಡಿದ್ದು ಅರ್ಧ ಪ್ರಶ್ನೆಯ ಸಮಯವನ್ನೂ ಅಲ್ಲ. ಸುಮ್ಮನೆ ದಿಟ್ಟಿಸುತ್ತಾ ಕುಳಿತರೆ ಐದು ನಿಮಿಷ ಹೋದದ್ದೇ ತಿಳಿಯುವುದಿಲ್ಲ.

ಆಮೇಲೆ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ, ಖಂಡಿತ ಬರುವ ಎರಡು ಮೂರನ್ನು ಮಾಡಿ. ಇಲ್ಲಿ ಒಂದು ಗುಂಡಿ ಇದೆ, ಹುಷಾರು. 23ನ್ನು ಬಿಟ್ಟವರು ಓಎಂಆರ್ ಹಾಳೆಯಲ್ಲಿ 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿಬಿಡುತ್ತಾರೆ. ಅಲ್ಲಿಂದ ಕೆಳಗಿನದೆಲ್ಲ ಒಂದು ಸಾಲು ಮೇಲಕ್ಕೆ ಸರಿಯುತ್ತದೆ. ಬಾಲ್ ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ಬಿಟ್ಟ ಪ್ರಶ್ನೆಯ ಸಂಖ್ಯೆಯನ್ನು ರಫ್ ಜಾಗದಲ್ಲಿ ದೊಡ್ಡದಾಗಿ ಬರೆದುಕೊಂಡು, ಮುಂದಿನ ವೃತ್ತ ತುಂಬುವ ಮೊದಲು ಸಾಲಿನ ಸಂಖ್ಯೆಯನ್ನು ಮನಸ್ಸಿನಲ್ಲೇ ಒಮ್ಮೆ ಓದಿ.

23ಕ್ಕೆ ಮರಳಿದಾಗ ಸೂತ್ರವನ್ನು ಕರೆಯಬೇಡಿ, ಹಿತ್ತಲ ಬಾಗಿಲಿನಿಂದ ಹೋಗಿ. ನಾಗರ ಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಹಗ್ಗ ಉದ್ದವಾದಷ್ಟೂ ಅದು ನಿಧಾನವಾಗಿ ತೂಗುತ್ತದೆ. ಉದ್ದ ಹೆಚ್ಚಿದರೆ ಅವಧಿ ಹೆಚ್ಚಬೇಕು, ಹಾಗಾಗಿ l ಮೇಲೆ. ಇನ್ನೂ ನಂಬಿಕೆ ಬರದಿದ್ದರೆ ಮಾನ ನೋಡಿ. l ಮೀಟರಿನಲ್ಲಿ, g ಮೀಟರ್ ಪ್ರತಿ ಸೆಕೆಂಡಿನ ವರ್ಗದಲ್ಲಿ. l/g ಎಂದರೆ ಸೆಕೆಂಡಿನ ವರ್ಗ, ಅದರ ವರ್ಗಮೂಲ ಸೆಕೆಂಡು. ನಮಗೆ ಬೇಕಾದದ್ದೂ ಸೆಕೆಂಡೇ. 2π ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ, ಅದನ್ನು ಆಯ್ಕೆಗಳಲ್ಲಿ ಹುಡುಕಬೇಕು. ಅಷ್ಟಾದ ಮೇಲೂ ಬಗೆಹರಿಯದಿದ್ದರೆ ಕೊನೆಯ ಬೆಲ್ಲಿಗೆ ಮೊದಲು ಯಾವುದಾದರೊಂದು ವೃತ್ತ ತುಂಬಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ.

ಈಗ ಆ ಮೂರು ಉತ್ತರಗಳಿಗೆ ಬರೋಣ. "ಮೊದಲು ಹೊಳೆದದ್ದೇ ಸರಿ, ಬದಲಿಸಲೇಬೇಡ" ಎಂದು ಅವಳ ತಂದೆ ಅಂದೇ ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಕ್ರೂಗರ್, ವಿರ್ಟ್ಜ್, ಮಿಲ್ಲರ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಮನಃಶಾಸ್ತ್ರ ತರಗತಿಯ 1,500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರ ಹಾಳೆಗಳಲ್ಲಿ ರಬ್ಬರಿನಿಂದ ಅಳಿಸಿದ ಗುರುತುಗಳನ್ನು ಎಣಿಸಿದರು. ಬದಲಾವಣೆಗಳಲ್ಲಿ ಶೇ. 51ರಷ್ಟು ತಪ್ಪಿನಿಂದ ಸರಿಗೆ ಹೋಗಿದ್ದವು, ಸರಿಯಿಂದ ತಪ್ಪಿಗೆ ಹೋದದ್ದು ಶೇ. 25. ಉಳಿದವು ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಹಾಗಿದ್ದೂ ಜನ ಮೊದಲ ಉತ್ತರವನ್ನೇ ಏಕೆ ನಂಬುತ್ತಾರೆ? ಕೈಯಲ್ಲಿದ್ದ ಸರಿ ಉತ್ತರವನ್ನು ನಾವೇ ಕಳೆದುಕೊಂಡ ಉರಿ ವರ್ಷಗಟ್ಟಲೆ ನೆನಪಿರುತ್ತದೆ. ಬದಲಿಸಿ ಗೆದ್ದದ್ದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಹಾಗೆಂದು ಕಂಡಕಂಡದ್ದನ್ನೆಲ್ಲ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಬದಲಾವಣೆಯಲ್ಲಿ ಎರಡು ಜಾತಿ. 14ನ್ನು ಏಕೆ ಬದಲಿಸಿದೆ ಎಂದು ಕೇಳಿದೆ. "ಸಾಲಾಗಿ ಮೂರು ಸಿ ಬಂದಿದ್ದವು ಮಾಮ" ಎಂದಳು. 17? "ಅಷ್ಟು ಸುಲಭದ ಪ್ರಶ್ನೆ ಕೊಡುತ್ತಾರಾ ಎನ್ನಿಸಿತು." ಇವೆರಡೂ ಪತ್ರಿಕೆ ತಯಾರಿಸಿದವರ ಮನಸ್ಸನ್ನು ಊಹಿಸುವ ಕೆಲಸ. ಅದರಲ್ಲಿ ಭೌತಶಾಸ್ತ್ರ ಎಳ್ಳಷ್ಟೂ ಇಲ್ಲ.

ಇದರ ಪಕ್ಕದಲ್ಲಿ 31ನ್ನು ಇಟ್ಟು ನೋಡಿ. ಕೆಪಾಸಿಟರನ್ನು ಚಾರ್ಜ್ ಮಾಡಿ, ಬ್ಯಾಟರಿ ತೆಗೆದು, ನಡುವೆ ಡೈಎಲೆಕ್ಟ್ರಿಕ್ ಹಾಳೆ ತುಂಬಿದರೆ ಶಕ್ತಿ ಏನಾಗುತ್ತದೆ ಎಂಬ ಪ್ರಶ್ನೆ. ಮೊದಲು ½CV² ನೆನೆದು, C ಹೆಚ್ಚುತ್ತದೆ, ಆದ್ದರಿಂದ ಶಕ್ತಿ ಹೆಚ್ಚುತ್ತದೆ ಎಂದು ಗುರುತು ಹಾಕಿದ್ದಳು. ಮತ್ತೆ ಓದಿದಾಗ "ಬ್ಯಾಟರಿ ತೆಗೆದು" ಎಂಬುದು ಕಣ್ಣಿಗೆ ಬಿತ್ತು. ಬ್ಯಾಟರಿ ಇಲ್ಲದಿದ್ದರೆ ಬದಲಾಗದೆ ಉಳಿಯುವುದು ಚಾರ್ಜ್, ವೋಲ್ಟೇಜ್ ಅಲ್ಲ. ಶಕ್ತಿ Q²/2C, ಹಾಗಾಗಿ ಕಡಿಮೆಯಾಗುತ್ತದೆ. ಬದಲಿಸಿದಳು, ಅಂಕ ಬಂತು. ಆ ಸಂಜೆ ಅವಳ ತಂದೆ ಈ 31ರ ಕಡೆ ತಿರುಗಿಯೂ ನೋಡಲಿಲ್ಲ.

ಹೀಗಾಗಿ ನಾನು ಈಗ ಅವಳಿಗೆ ಹೇಳಿಕೊಟ್ಟಿರುವುದು ಇಷ್ಟೇ. ಉತ್ತರ ಆರಿಸುವಾಗಲೇ ರಫ್ ಜಾಗದಲ್ಲಿ ಅದರ ಸಂಖ್ಯೆ ಬರೆದು ಪಕ್ಕದಲ್ಲಿ ಗುರುತಿಡು. ಗೊತ್ತಿದ್ದು ಹಾಕಿದ್ದಕ್ಕೆ ಟಿಕ್, ಊಹಿಸಿದ್ದಕ್ಕೆ ಚುಕ್ಕೆ. ಟಿಕ್ ಹಾಕಿದ್ದರ ವೃತ್ತವನ್ನು ಆಗಲೇ ತುಂಬಿಬಿಡು, ಪೆನ್ನಿನ ಶಾಯಿಯೇ ಕಾವಲು ಕಾಯುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ತೆರೆಯಬೇಕಾದದ್ದು ಚುಕ್ಕೆಗಳನ್ನು ಮಾತ್ರ. ಅವುಗಳಲ್ಲೂ, ಪ್ರಶ್ನೆಯೊಳಗಿನ ಯಾವ ಪದ ಅಥವಾ ಯಾವ ಅಂಕಿ ನಿನ್ನ ಉತ್ತರವನ್ನು ಬದಲಿಸಿತು ಎಂದು ಬೆರಳಿಟ್ಟು ತೋರಿಸಲು ಆದರೆ ಬದಲಿಸು, ಆಗದಿದ್ದರೆ ಬಿಡು. ಮತ್ತೆ ಎಲ್ಲಾದರೂ ತಲೆ ಖಾಲಿಯಾದರೆ ಪುಟವನ್ನು ಮುಂದಕ್ಕೆ ತಿರುಗಿಸು, ಹಿಂದಕ್ಕೆ ಬೇಡ.

ಮನೆಯಲ್ಲಿ ಹಳೆಯ ಪತ್ರಿಕೆ ಇಟ್ಟುಕೊಂಡು 80 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಹಾಕಿ ಅವಳು ಇದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಮೊದಲ ದಿನ 60ರಲ್ಲಿ 26 ಚುಕ್ಕೆ ಬಿದ್ದವು. ಉತ್ತರಗಳನ್ನು ತಾಳೆ ನೋಡಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಇದ್ದವು. "ನನಗೆ ಗೊತ್ತಿದ್ದದ್ದು ನನಗೇ ಗೊತ್ತಿರಲಿಲ್ಲ" ಎಂದು ನಕ್ಕು, ಮುಂದಿನ ಪತ್ರಿಕೆಗೆ ಅಲಾರಂ ಇಟ್ಟಳು.