ಹಂಪಿಯ ಏಳು ಚಿತ್ರಗಳು

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಎರಡು ದಿನ ಹಂಪಿಯಲ್ಲಿದ್ದು ಹಿಂತಿರುಗಿದಾಗ ನಮ್ಮ ಬಳಿ 600ಕ್ಕೂ ಹೆಚ್ಚು ಚಿತ್ರಗಳಿದ್ದವು. ಅವನ್ನೆಲ್ಲ ಟಿವಿಯಲ್ಲಿ ಹಾಕಿ ದೊಡ್ಡಮ್ಮನಿಗೆ ತೋರಿಸುತ್ತಿದ್ದಾಗ, ನಲವತ್ತನೆಯದೋ ಐವತ್ತನೆಯದೋ ಬಂದ ಹೊತ್ತಿಗೆ, ಅವರು "ಇದನ್ನು ಆಗಲೇ ತೋರಿಸಿದೆಯಲ್ಲೋ" ಎಂದರು. ತೋರಿಸಿರಲಿಲ್ಲ. ಆದರೆ ಕಂಬದ ಹಿಂದೆ ಕಂಬ, ಮಂಟಪದ ಹಿಂದೆ ಮಂಟಪ ಬರುತ್ತಿದ್ದರೆ ಅಲ್ಲಿಗೆ ಹೋಗಿರದವರಿಗೆ ಎಲ್ಲವೂ ಒಂದೇ ಆಗಿ ಕಾಣುವುದು ಸಹಜ. ಆ ರಾತ್ರಿ ನಾನು ಅವುಗಳಿಂದ ಏಳನ್ನು ಮಾತ್ರ ಆರಿಸಿದೆ.

ಆರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಆ ಎರಡು ದಿನಗಳಲ್ಲಿ ನಿಜವಾಗಿ ನಡೆದದ್ದೇನು? ಹಂಪಿ ಹೇಗಿದೆ ಎಂಬುದು ಎಲ್ಲರಿಗೂ ಗೊತ್ತು. ಕಲ್ಲಿನ ರಥವಂತೂ ಈಗಿನ 50 ರೂಪಾಯಿ ನೋಟಿನ ಮೇಲೆಯೇ ಇದೆ. ನಮಗೆ ನಡೆದದ್ದು ಬೇರೆ. ಮಂಡಿನೋವಿನ ಅಮ್ಮ ಮಾತಂಗ ಬೆಟ್ಟವನ್ನು ಹತ್ತಿ ಸೂರ್ಯೋದಯ ನೋಡಬೇಕೆಂದುಕೊಂಡೇ ಹೊರಟಿದ್ದರು, ಬುಡದಲ್ಲಿ ನಿಂತು ಮೆಟ್ಟಿಲುಗಳನ್ನು ನೋಡಿದ ಮೇಲೆ ಬೇಡವೆಂದರು. ಕಥೆ ಇದೆಂದು ಗೊತ್ತಾದ ಕೂಡಲೇ ಐನೂರಕ್ಕೂ ಹೆಚ್ಚು ಚಿತ್ರಗಳು ತಾವಾಗಿಯೇ ಪಕ್ಕಕ್ಕೆ ಸರಿದವು.

ಮುಂದಿನದು ಕಾಲದ ಕ್ರಮ, ಮತ್ತು ಇಲ್ಲಿ ಎಡವುವವರು ಬಹಳ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಚಿತ್ರ ಕಳುಹಿಸಿದರೆ ಅದನ್ನು ತೆಗೆದ ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಗ್ಯಾಲರಿಯು ಅದನ್ನು ನಮಗೆ ಬಂದು ತಲುಪಿದ ದಿನದ ಜಾಗದಲ್ಲಿ ಇಡುತ್ತದೆ. ಆದ್ದರಿಂದ ಡಾಕ್ಯುಮೆಂಟ್ ರೂಪದಲ್ಲಿ ಮೂಲ ಕಡತವನ್ನೇ ಕಳುಹಿಸಲು ಹೇಳಬೇಕು. ತಮ್ಮನ ಹಳೆಯ ಕ್ಯಾಮೆರಾದಲ್ಲಿ ಇನ್ನೊಂದು ತೊಡಕಿತ್ತು: ಅದರ ಗಡಿಯಾರ 25 ನಿಮಿಷ ಮುಂದಿತ್ತು. ಹೊಸಪೇಟೆ ನಿಲ್ದಾಣದ ಫಲಕವನ್ನು ಇಬ್ಬರೂ ಒಂದೇ ಗಳಿಗೆಯಲ್ಲಿ ತೆಗೆದಿದ್ದೆವು. ಆ ಎರಡು ಚಿತ್ರಗಳ ಸಮಯವನ್ನು ಹೋಲಿಸಿ, ಅಷ್ಟು ನಿಮಿಷಗಳನ್ನು ಅವನ ಎಲ್ಲ ಚಿತ್ರಗಳಿಂದ ಕಳೆದಾಗ ಸರಣಿ ನೇರವಾಯಿತು.

ಮೊದಲನೆಯ ಚಿತ್ರದಲ್ಲಿ ಅಮ್ಮ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾರೆ. ಎರಡನೆಯದು ನಸುಕಿನಲ್ಲಿ ತೆಗೆದ ಮೆಟ್ಟಿಲುಗಳು. ಚಿತ್ರ ಮಸುಕಾಗಿದೆ, ಕಾಳುಕಾಳಾಗಿದೆ, ಆದರೂ ಉಳಿಸಿಕೊಂಡೆ, ಏಕೆಂದರೆ ಎತ್ತರ ಮತ್ತು ಕತ್ತಲೆ ಎರಡೂ ಕಾಣದಿದ್ದರೆ ಅಮ್ಮ ಹಿಂದೆ ಸರಿದದ್ದೇಕೆಂದು ತಿಳಿಯುವುದಿಲ್ಲ. ಮೂರನೆಯದು ತಮ್ಮ ತೆಗೆದದ್ದು: ಬಜಾರಿನ ಸಾಲುಮಂಟಪದ ಕಟ್ಟೆಯ ಮೇಲೆ ಕೆಂಪು ಸೀರೆಯ ಅಮ್ಮ ಕತ್ತೆತ್ತಿ ಬೆಟ್ಟವನ್ನು ನೋಡುತ್ತಿದ್ದಾರೆ. ನಾಲ್ಕನೆಯದು ತುದಿಯಿಂದ ನಾನು ತೆಗೆದದ್ದು: ಪೂರ್ವದ ಬೆಳಕು ಬಿದ್ದ ವಿರೂಪಾಕ್ಷನ ಗೋಪುರ, ಅದರ ಮುಂದೆ ನೇರವಾಗಿ ಚಾಚಿದ ಬಜಾರು, ಅದರ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ.

ಈ ಎರಡನ್ನು ಅದಲುಬದಲು ಮಾಡಿ ನೋಡಿ. ತುದಿಯ ನೋಟವೇ ಮೊದಲು ಬಂದರೆ ಅದು ಕ್ಯಾಲೆಂಡರಿನ ಚಿತ್ರ. ಆ ಚುಕ್ಕೆಯನ್ನು ಯಾರೂ ಗಮನಿಸುವುದಿಲ್ಲ. ಅಮ್ಮ ಮೇಲೆ ನೋಡುವುದನ್ನು ಕಂಡ ಮೇಲೆ ಬಂದರೆ ನೋಡುವವರ ಕಣ್ಣು ತಾನಾಗಿಯೇ ಅವರನ್ನು ಹುಡುಕುತ್ತದೆ. ಒಂದು ಚಿತ್ರ ಎಬ್ಬಿಸಿದ ಕುತೂಹಲಕ್ಕೆ ಪಕ್ಕದ ಚಿತ್ರ ಉತ್ತರವಾಗುವುದನ್ನೇ ನಾನು ಸರಣಿ ಎಂದು ಕರೆಯುತ್ತೇನೆ.

ಐದನೆಯದಕ್ಕೆ ಹೇಮಕೂಟದ ಬಂಡೆಯ ಮೇಲೆ ಅಮ್ಮ ನಗುತ್ತ ನಿಂತ ಚಿತ್ರವನ್ನು ಹಾಕಲು ಮನಸ್ಸಾಗಿತ್ತು. ಹೇಮಕೂಟ ಸುಲಭವಾಗಿ ಏರಬಹುದಾದ ತಗ್ಗಿನ ಗುಡ್ಡ. ಆದರೆ ಮಾತಂಗದ ಮೆಟ್ಟಿಲುಗಳ ನಂತರ ಅದನ್ನಿಟ್ಟರೆ ಅಮ್ಮ ಕೊನೆಗೂ ಬೆಟ್ಟ ಹತ್ತಿದರೆಂದೇ ಎಲ್ಲರೂ ತಿಳಿಯುತ್ತಾರೆ. ಪ್ರತಿ ಚಿತ್ರವೂ ನಿಜವಾಗಿದ್ದು ಜೋಡಣೆ ಮಾತ್ರ ಸುಳ್ಳಾಗುವುದು ಹೀಗೆ. ಅದನ್ನು ಕೈಬಿಟ್ಟು, ವಿರೂಪಾಕ್ಷ ದೇಗುಲದ ಹಿಂಬದಿಯ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವ ಗೋಪುರದ ಬಿಂಬವನ್ನೂ, ಅದರತ್ತ ಚಾಚಿದ ಅಮ್ಮನ ಕೈಯನ್ನೂ ಇಟ್ಟೆ. ತುದಿಯಿಂದ ನಾನು ಕಂಡ ಗೋಪುರ ಇಲ್ಲಿ ಅಮ್ಮನಿಗೆ ಕೈಯಳತೆಯಲ್ಲಿ ಸಿಕ್ಕಿತ್ತು.

ಆರನೆಯದು ತುಂಗಭದ್ರೆಯ ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದ ಅವರ ಬೆರಳುಗಳು. ಏಳನೆಯದು ಮರಳುವ ರೈಲಿನ ಕೊಕ್ಕೆಯಲ್ಲಿ ತೂಗುತ್ತಿರುವ ಮಂಡಿಪಟ್ಟಿ. ಕಲ್ಲಿನ ರಥದ ಚಿತ್ರ, ನಾನು ತೆಗೆದವುಗಳಲ್ಲೆಲ್ಲ ಅತ್ಯಂತ ಚೆನ್ನಾಗಿ ಬಂದದ್ದು, ಸರಣಿಯಲ್ಲಿ ಇಲ್ಲ. ಅದರ ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಅದು ಏನನ್ನೂ ಹೇಳುತ್ತಿರಲಿಲ್ಲ.

ಮರುವಾರ ಒಂದು ಮಾತನ್ನೂ ಆಡದೆ ಆ ಏಳನ್ನು ದೊಡ್ಡಮ್ಮನ ಮುಂದೆ ಇಟ್ಟು, ಏನು ನಡೆಯಿತೆಂದು ಅವರೇ ಹೇಳಲಿ ಎಂದು ಕಾದೆ. ನಾಲ್ಕನೆಯದರಲ್ಲಿ ಅವರು ಕನ್ನಡಕ ಸರಿಪಡಿಸಿಕೊಂಡು, ಪರದೆಯ ಹತ್ತಿರ ಬಾಗಿ, ಆ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟರು.