ಕತ್ತಿ ಕೆಂಪಾದರೆ ಎಂಥ ಮಾಡುವುದು?

ನಮಸ್ಕಾರ. ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ಕೂತಿದ್ದೇನೆ. ಅಂಗಳದಲ್ಲಿ ಅಪ್ಪ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿಸುತ್ತಿದ್ದಾರೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕಲ್ವಾ?

ಈ ಸಲ ಕೊಳೆರೋಗದ ಮದ್ದಿನ ಬಗ್ಗೆ ವಿಡಿಯೋ ಸರಣಿ ಮಾಡುವ ಅಂತ ಹೊರಟೆ. ಮೊದಲ ಹೆಸರು 'ಬೋರ್ಡೋ ದ್ರಾವಣ: ಒಂದು ಪರಿಚಯ' ಅಂತ ಬರೆದೆ. ಇದನ್ನು ನಾನೇ ಒತ್ತುವುದಿಲ್ಲ!

ಹಾಗಾಗಿ ಗೂಗಲ್‌ನಲ್ಲಿ ಹುಡುಕಿದೆ. ನನ್ನ ಹಳೇ ಹುಡುಕಾಟದ ನೆರಳು ಆದಷ್ಟು ಬೀಳದಿರಲಿ ಅಂತ ಇನ್‌ಕಾಗ್ನಿಟೋ ಕಿಟಕಿಯಲ್ಲಿ. ಫಲಿತಾಂಶದ ನಡುವೆ People also ask ಅಂತ ಒಂದು ಪೆಟ್ಟಿಗೆ ಬಂತು. ಅದರಲ್ಲಿ ನಾಲ್ಕು ಪ್ರಶ್ನೆ. ಒಂದನ್ನು ಬಿಡಿಸಿದರೆ ಅದಕ್ಕೆ ಹತ್ತಿರದ ಇನ್ನೆರಡು ಮೂರು ಕೆಳಗೆ ಸೇರುತ್ತವೆ. ನೀವು ಯಾವುದನ್ನು ಒತ್ತುತ್ತೀರೋ ಪಟ್ಟಿ ಆ ಕಡೆ ಬೆಳೆಯುತ್ತದೆ. ನಾನು ಒತ್ತುತ್ತಾ ಹೋಗಿ ದ್ರಾಕ್ಷಿ ತೋಟಕ್ಕೆ ತಲುಪಿದೆ. ಅಲ್ಲಿಗೆ ನಿಲ್ಲಿಸಿದೆ.

ಕಂಡ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದಿಟ್ಟೆ, ಹದಿನಾಲ್ಕು ಆಯಿತು. ಹದಿನಾಲ್ಕು ವಿಡಿಯೋ ಅಂತ ಖುಷಿಪಡಬೇಡಿ. ಪಕ್ಕದಲ್ಲಿ ಒಂದೊಂದರ ಉತ್ತರ ಬರೆದು ನೋಡಿ. ಹೇಗೆ ತಯಾರಿಸುವುದು, ಪ್ರಮಾಣ ಎಷ್ಟು, ಸುಣ್ಣ ಎಷ್ಟು, ಈ ಮೂರಕ್ಕೂ ಉತ್ತರ ಒಂದೇ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಷ್ಟನ್ನು ಆ ಪೆಟ್ಟಿಗೆಯೇ ಎರಡು ಸಾಲಲ್ಲಿ ಹೇಳಿಬಿಡುತ್ತದೆ. ಮತ್ತೆ ನನ್ನ ವಿಡಿಯೋ ಯಾರಿಗೆ ಬೇಕು? 'ಕಲಸಿಟ್ಟದ್ದು ನಾಳೆಗೆ ಆಗುತ್ತದಾ' ಎಂಬುದಕ್ಕೆ 'ಇಲ್ಲ, ಅದೇ ದಿನ ಬಿಡಿ' ಅಂದರೆ ಮುಗಿಯಿತು. ಅದು ಶಾರ್ಟ್ಸ್‌ಗೆ ಸಾಕು.

ಆದರೆ 'ಮದ್ದು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ' ಎಂಬ ಪ್ರಶ್ನೆ ಬೇರೆ ಜಾತಿಯದು. ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ, ಕೆಂಪು ಕಂಡರೆ ಇನ್ನಷ್ಟು ಸುಣ್ಣ ಹಾಕಿ ಅಂತ ಪೆಟ್ಟಿಗೆ ಹೇಳುತ್ತದೆ. ಎಂಥ ಕೆಂಪು? ತುಕ್ಕಿನ ಹಾಗಾ? ಅಲ್ಲ, ತಾಮ್ರದ ತಂಬಿಗೆ ಬಣ್ಣ. ಸುಣ್ಣ ಸಾಲದೆ ಉಳಿದ ಮೈಲುತುತ್ತಿನ ತಾಮ್ರ ಕತ್ತಿಗೆ ಅಂಟಿ ಬರುವುದು ಅದು. ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಇದನ್ನು ಕಣ್ಣಲ್ಲೇ ನೋಡಬೇಕು. ಸರಣಿಯ ಮೊದಲ ವಿಡಿಯೋ ಇದೇ.

ಇನ್ನು ಹೆಸರು. ನನಗೆ ಆ ಪೆಟ್ಟಿಗೆ ಸಿಕ್ಕಿದ್ದು ಇಂಗ್ಲಿಷಲ್ಲಿ. 'ಬೋರ್ಡೋ ಮಿಶ್ರಣವನ್ನು ಪರೀಕ್ಷಿಸುವುದು ಹೇಗೆ' ಅಂತ ಅನುವಾದ ಮಾಡಿ ಇಟ್ಟರೆ ನಮ್ಮ ಕಡೆ ಯಾರು ಹಾಗೆ ಕೇಳುತ್ತಾರೆ? ಯೂಟ್ಯೂಬ್ ಹುಡುಕುವ ಜಾಗದಲ್ಲಿ 'ಅಡಿಕೆ ಮದ್ದು' ಅಂತ ಟೈಪ್ ಮಾಡಿ, ಎಂಟರ್ ಒತ್ತದೆ ಸುಮ್ನೆ ನಿಂತೆ. ಕೆಳಗೆ ಬಂದ ಸಾಲುಗಳಲ್ಲಿ ದ್ರಾವಣಕ್ಕಿಂತ 'ಮದ್ದು', 'ಸುಣ್ಣ' ಜಾಸ್ತಿ. ಎಷ್ಟು ಜನ ಹುಡುಕುತ್ತಾರೆ ಅಂತ ಇವು ಯಾವುವೂ ಹೇಳುವುದಿಲ್ಲ. ಮಾತು ಹೇಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಕೊನೆಗೆ ಬರೆದದ್ದು: 'ಅಡಿಕೆ ಮದ್ದಿಗೆ ಅದ್ದಿದ ಕತ್ತಿ ಕೆಂಪಾಯ್ತಾ? ಸುಣ್ಣ ಸಾಲಲಿಲ್ಲ'. ಅಪ್ಪನಿಗೆ ಓದಿ ಹೇಳಿದೆ. "ಅದು ಸರಿ ಮಾರಾಯ, ಆದರೆ ಈ ಡ್ರಮ್ಮಿಗೆ ಕತ್ತಿ ಅದ್ದುವುದು ಯಾರು? ನೀನಾ ನಾನಾ?" ಅಂದರು.

ಕ್ಯಾಮೆರಾ ತಗೊಂಡು ಅಂಗಳಕ್ಕೆ ಇಳಿಯುತ್ತೇನೆ.